ಕನ್ನಡ ಕ್ಯಾಪ್ಶನ್‌ನಲ್ಲಿ ಎಮೋಜಿ ಎಲ್ಲಿ, ಖಾಲಿ ಸಾಲು ಎಲ್ಲಿ

ನಮ್ಮ ಅತ್ತಿಗೆ ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ಇನ್‌ಸ್ಟಾಗ್ರಾಮ್ ಪುಟದ ಫೋಟೊ ಅವರದು, ಕ್ಯಾಪ್ಶನ್ ನನ್ನದು. ಅವರು ವಿವರ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ನಾನು ಅದನ್ನು ತಿದ್ದಿ ಹಾಕುತ್ತೇನೆ. ಅವರಿಂದ ಬರುವುದು ಸಾಮಾನ್ಯವಾಗಿ ಹೀಗಿರುತ್ತದೆ:

```
✨✨ಹೊಸ ಸ್ಟಾಕ್ ಬಂದಿದೆ✨✨😍😍 ಶುದ್ಧ 💯 ಇಳಕಲ್ ಸೀರೆ 🥻🥻🥻 ಗೋಮಿ ದಡಿ ❤️ ತೋಪ್ ತೆನಿ ಸೆರಗು 🔥🔥 ಬೆಲೆ 💰1,850 ಮಾತ್ರ ‼️‼️ ಬೇಗ 🏃‍♀️ ಬುಕ್ ಮಾಡಿ 👇👇👇
```

ಇದರಲ್ಲಿ ಬೇಕಾದ ವಿಷಯ ಬಹುಪಾಲು ಇದೆ. ದಡಿ ಯಾವುದು, ಸೆರಗು ಯಾವುದು, ಬೆಲೆ ಎಷ್ಟು, ಎಲ್ಲ ಹೇಳಿದ್ದಾರೆ. ಆದರೆ ಕಣ್ಣಿಗೆ ಮೊದಲು ಬೀಳುವುದು ಮಿಂಚು, ಬೆಂಕಿ, ಓಡುವ ಹೆಂಗಸು. ಸಾಲ ಕೊಡ್ತೀವಿ, ಲಾಟರಿ ಗೆದ್ದಿದ್ದೀರಿ ಅಂತ ಬರುವ ಮೆಸೇಜುಗಳೂ ಇದೇ ಚಿತ್ರಗಳನ್ನು ಹೀಗೇ ಸಾಲಾಗಿ ಹಾಕುತ್ತವೆ. ಹಾಗಾಗಿ ಓದುವವರು ಇದನ್ನೂ ಅದೇ ಗುಂಪಿಗೆ ಸೇರಿಸಿ ಮುಂದೆ ಹೋಗುತ್ತಾರೆ.

ನಾನು ಮೊದಲು ಕೈ ಹಾಕುವುದು ಮೊದಲ ಸಾಲಿಗೆ. ಕ್ಯಾಪ್ಶನ್‌ಗೆ ಒಟ್ಟು 2,200 ಅಕ್ಷರಗಳ ಜಾಗ ಇದೆ. ಆದರೆ ಫೀಡ್‌ನಲ್ಲಿ ಸುಮಾರು 125 ಅಕ್ಷರ ಮಾತ್ರ ಕಾಣುತ್ತದೆ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಉಳಿದದ್ದನ್ನು ಓದಲು ಮುಟ್ಟಿ ತೆರೆಯಬೇಕು. ಕನ್ನಡಕ್ಕೆ ಈ ಜಾಗ ಇನ್ನೂ ಚಿಕ್ಕದು. ಕಂಪ್ಯೂಟರ್ ಲೆಕ್ಕದಲ್ಲಿ ಗುಣಿತದ ಗುರುತು, ಒತ್ತು ಎಲ್ಲವೂ ಬೇರೆ ಬೇರೆ ಅಕ್ಷರ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ ಆರು.

ಇನ್ನೊಂದು ತೊಡಕು ಕ್ರಿಯಾಪದದ್ದು. ನಮ್ಮಲ್ಲಿ ಅದು ವಾಕ್ಯದ ಕೊನೆಗೆ ಬರುತ್ತದೆ. ಉದ್ದ ವಾಕ್ಯ ಬರೆದರೆ ಕ್ರಿಯಾಪದ ಬರುವ ಮೊದಲೇ ಸಾಲು ಕತ್ತರಿಸುತ್ತದೆ, ಓದಿದವರಿಗೆ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೇ ನನ್ನ ಮೊದಲ ಸಾಲು ಚಿಕ್ಕದು, ಅನೇಕ ಸಲ ಕ್ರಿಯಾಪದವೇ ಇಲ್ಲದ್ದು. ‘ದಾಳಿಂಬೆ ಕೆಂಪು ಒಡಲು, ಗೋಮಿ ದಡಿ. ₹1,850.’ ಇಷ್ಟಕ್ಕೇ ಬೇಕು ಅಥವಾ ಬೇಡ ಅಂತ ತೀರ್ಮಾನ ಮಾಡಬಹುದು, ಅಲ್ವಾ?

ಈ ಸಾಲಿನಲ್ಲಿ ಎಮೋಜಿ ಇಟ್ಟರೆ ಒಂದೇ, ಅದೂ ಕೊನೆಗೆ. ನಡುವೆ ಇಟ್ಟರೆ ವಾಕ್ಯ ಒಡೆಯುತ್ತದೆ. ‘ಶುದ್ಧ 💯 ಇಳಕಲ್ ಸೀರೆ’ ಎಂದಾಗ ಓದುವ ಕಣ್ಣು ‘ಶುದ್ಧ’ದ ಹತ್ತಿರವೇ ನಿಂತುಬಿಡುತ್ತದೆ. ಪದದ ಬದಲು ಎಮೋಜಿ ಇಟ್ಟು ಅದಕ್ಕೆ ವಿಭಕ್ತಿ ಅಂಟಿಸುವುದಂತೂ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ‘❤️ದಿಂದ ನೇಯ್ದ ಸೀರೆ’ ಅಂದರೆ ಪ್ರೀತಿಯಿಂದಲೋ ಹೃದಯದಿಂದಲೋ ಓದುವವರೇ ಊಹಿಸಬೇಕು. ಕಣ್ಣು ಕಾಣದವರ ಫೋನ್ ಕ್ಯಾಪ್ಶನ್ ಓದಿ ಹೇಳುವಾಗ ಈ ತೊಂದರೆ ಇನ್ನೂ ಜಾಸ್ತಿ. ಪ್ರತಿ ಎಮೋಜಿಗೂ ಒಂದು ಹೆಸರಿದೆ, ಫೋನ್ ಆ ಹೆಸರನ್ನೂ ಓದುತ್ತದೆ. ವಾಕ್ಯದ ನಡುವೆ ಅದು ಬಂದರೆ ಮಾತು ತುಂಡಾಗುತ್ತದೆ. ವಾಕ್ಯ ಮುಗಿದ ಮೇಲೆ ಬಂದರೆ ಅಷ್ಟು ಕಷ್ಟವಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ ನಿಮ್ಮದೇ ಒಂದು ಕ್ಯಾಪ್ಶನ್ ಕೇಳಿಸಿಕೊಳ್ಳಿ. ಯಾವ ಎಮೋಜಿ ತೆಗೆಯಬೇಕು ಅಂತ ಕಿವಿಯೇ ಹೇಳುತ್ತದೆ.

ಸೀರೆ ಎಮೋಜಿ 🥻 ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದು, ದೀಪದ 🪔 ಎಮೋಜಿ, ಎರಡೂ 2019ರಲ್ಲಿ ಬಂದವು. ಅದಕ್ಕಿಂತ ಹಳೆಯ, ಅಪ್‌ಡೇಟ್ ಆಗದ ಫೋನುಗಳಲ್ಲಿ ಅವುಗಳ ಜಾಗದಲ್ಲಿ ಬರೀ ಚೌಕ ಕಾಣುತ್ತದೆ. ಹೊಸ ಫೋನುಗಳಲ್ಲೂ ಸೀರೆಯ ಚಿತ್ರ ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ. ಬಣ್ಣವೇ ಮುಖ್ಯವಾದ ವ್ಯಾಪಾರದಲ್ಲಿ, ಮಾರುತ್ತಿರುವ ಸೀರೆಯ ಪಕ್ಕ ಬೇರೆ ಬಣ್ಣದ ಸೀರೆಯ ಚಿತ್ರ ಯಾಕೆ ಬೇಕು? ಸೀರೆ ಫೋಟೊದಲ್ಲೇ ಇದೆ. ಹೃದಯದ ಎಮೋಜಿಯಾದರೆ ಕೆಂಪು, ಹಸಿರು, ಹಳದಿ ಎಲ್ಲ ಸಿಗುತ್ತವೆ. ಒಡಲಿನ ಬಣ್ಣಕ್ಕೆ ಹತ್ತಿರದ್ದು ಒಂದನ್ನು ಇಟ್ಟರೆ ಸಾಕು.

ಇನ್ನು ಖಾಲಿ ಸಾಲುಗಳ ವಿಚಾರ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಗುರುತುಗಳು ಮೇಲೆ ಏರುತ್ತವೆ. ಫೋನಿನ ಸಣ್ಣ ಪರದೆಯಲ್ಲಿ ಐದಾರು ಸಾಲು ಒಟ್ಟಿಗೆ ಬಂದರೆ ಒಂದಕ್ಕೊಂದು ಅಂಟಿದಂತೆ ಕಾಣುತ್ತದೆ. ಹಾಗಾಗಿ ಎರಡು ಮೂರು ಸಾಲಿಗೊಮ್ಮೆ ಬಿಡುವು ಬೇಕು. ಆದರೆ ಪ್ರತಿ ವಾಕ್ಯದ ನಂತರವೂ ಜಾಗ ಬಿಟ್ಟರೆ ಎಲ್ಲವೂ ಒಂದೇ ತೂಕದ ಘೋಷಣೆಯಾಗುತ್ತದೆ. ವಿಷಯ ಬದಲಾದ ಕಡೆ ಮಾತ್ರ ನಾನು ಒಂದು ಖಾಲಿ ಸಾಲು ಬಿಡುತ್ತೇನೆ. ಸೀರೆಯ ಪರಿಚಯ ಒಂದು ಗುಂಪು, ನೇಯ್ಗೆಯ ವಿವರ ಇನ್ನೊಂದು, ಕೊಳ್ಳುವ ವಿವರ ಮತ್ತೊಂದು.

ಹಿಂದೆ ಇನ್‌ಸ್ಟಾಗ್ರಾಮ್‌ನಲ್ಲಿ ಖಾಲಿ ಸಾಲು ಮಾಯವಾಗುತ್ತಿತ್ತು. ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದ್ದರೂ ಸಾಕು, ಎಲ್ಲ ಒಟ್ಟಿಗೆ ಸೇರಿಬಿಡುತ್ತಿತ್ತು. ಒಂದರ ಕೆಳಗೊಂದು ಚುಕ್ಕಿ ಇಡುವ ಪದ್ಧತಿ ಆಗಿನದು. ಈಗ ಆ್ಯಪ್‌ನಲ್ಲೇ ಎಂಟರ್ ಒತ್ತಿದರೆ ಜಾಗ ನಿಲ್ಲುತ್ತದೆ, ಚುಕ್ಕಿಗಳ ಕಂಬ ಬೇಡವೇ ಬೇಡ. ಖಾಲಿ ಜಾಗಕ್ಕೆ ಅಂತ ಕಾಪಿ ಮಾಡಿ ಹಾಕುವ ಕಾಣದ ಅಕ್ಷರಗಳನ್ನೂ ನಾನು ಬಳಸುವುದಿಲ್ಲ. ಫಾಂಟ್‌ನಲ್ಲಿ ಆ ಅಕ್ಷರ ಇಲ್ಲದಿದ್ದರೆ ಅಲ್ಲೂ ಚೌಕ ಬರುತ್ತದೆ.

ಅತ್ತಿಗೆ ಕಳಿಸಿದ್ದಕ್ಕೆ ಬಣ್ಣ, ನೂಲು, ಅಳತೆ ಕೇಳಿ ಸೇರಿಸಿದೆ. ಕೊನೆಗೆ ಹೀಗಾಯಿತು:

```
ದಾಳಿಂಬೆ ಕೆಂಪು ಒಡಲು, ಗೋಮಿ ದಡಿ. ₹1,850 ❤️

ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುನೂಲನ್ನೂ
ಕೊಂಡಿ ಹಾಕಿ ಜೋಡಿಸಿ ನೇಯ್ದ ತೋಪ್ ತೆನಿ ಸೆರಗು.

📏 5.5 ಮೀಟರ್, ರವಿಕೆ ಬಟ್ಟೆ ಇಲ್ಲ
📦 ಹುಬ್ಬಳ್ಳಿಯಿಂದ ಕೊರಿಯರ್
💬 ಬೇಕಿದ್ದರೆ ಮೆಸೇಜ್ ಮಾಡಿ
```

ಇಪ್ಪತ್ತು ಎಮೋಜಿ ಇದ್ದದ್ದು ನಾಲ್ಕಕ್ಕೆ ಇಳಿಯಿತು. ಕೆಳಗಿನ ಮೂರು ಅಲಂಕಾರಕ್ಕಲ್ಲ, ಗುರುತಿಗೆ. ಅಳತೆ ಬೇಕಾದವರು ಅಳತೆಪಟ್ಟಿ ನೋಡುತ್ತಾರೆ, ಕೊರಿಯರ್ ಕೇಳುವವರು ಪೆಟ್ಟಿಗೆ ನೋಡುತ್ತಾರೆ. ಪ್ರತಿ ಪೋಸ್ಟ್‌ನಲ್ಲೂ ಅದೇ ಗುರುತು, ಅದೇ ಕ್ರಮ ಇಟ್ಟರೆ ಕಾಯಂ ಗಿರಾಕಿಗಳಿಗೆ ಎಲ್ಲಿ ಏನಿದೆ ಅಂತ ರೂಢಿಯಾಗುತ್ತದೆ. ಚಿತ್ರ ತೆಗೆದರೂ ಸಾಲಿನ ಅರ್ಥ ಪೂರ್ತಿ ಉಳಿಯಬೇಕು, ಅದು ನನ್ನ ಪರೀಕ್ಷೆ. ‘📦 ಹುಬ್ಬಳ್ಳಿ’ ಅಂತ ಮಾತ್ರ ಬರೆದರೆ ಚೌಕ ಕಾಣುವವರಿಗೆ ಏನೂ ತಿಳಿಯುವುದಿಲ್ಲ. ಇಂಥ ಸಾಲು ಮೂರ್ನಾಲ್ಕಕ್ಕಿಂತ ಹೆಚ್ಚಾದರೆ ಮತ್ತೆ ಪಾಂಪ್ಲೆಟ್ ಥರ ಕಾಣತೊಡಗುತ್ತದೆ. ಆಗ ಒಗೆಯುವ ವಿಧಾನದಂಥ ವಿವರವನ್ನು ಎರಡನೇ ಫೋಟೊದ ಮೇಲೆ ಬರೆಯುತ್ತೇವೆ.

‘ಹೊಸ ಸ್ಟಾಕ್’, ‘ಬೇಗ’, ‘ಮಾತ್ರ’ ಎಲ್ಲ ಹೋಯಿತು ಅಂತ ಅತ್ತಿಗೆಗೆ ಬೇಸರ. ‘ಖುಷಿನೇ ಕಾಣಂಗಿಲ್ಲಲ್ಲ’ ಅಂದರು. ಅವರ ಮಾತಿನಲ್ಲೂ ಅರ್ಥ ಇದೆ. ದೀಪಾವಳಿ, ಪಂಚಮಿಯ ಶುಭಾಶಯಕ್ಕೆ ನಾನು ಕತ್ತರಿ ಹಾಕುವುದಿಲ್ಲ, ಅಲ್ಲಿ ಮಾರುವುದು ಏನೂ ಇರುವುದಿಲ್ಲ. ಗಿರಾಕಿಗಳ ಕಾಮೆಂಟ್‌ಗೆ ಉತ್ತರ ಕೊಡುವಾಗಲೂ ಅವರು ಮನಸ್ಸಿಗೆ ಬಂದಷ್ಟು ಎಮೋಜಿ ಹಾಕಲಿ, ಅದು ಅವರ ಮಾತು. ಬೆಲೆ ಇರುವ ಕ್ಯಾಪ್ಶನ್‌ಗೆ ಮಾತ್ರ ಈ ಕಟ್ಟುನಿಟ್ಟು ಅಂತ ಇಬ್ಬರೂ ಒಪ್ಪಿಕೊಂಡಿದ್ದೇವೆ.

ಪೋಸ್ಟ್ ಹಾಕಿದ ತಕ್ಷಣ ಅಮ್ಮನ ಫೋನಿನಲ್ಲಿ ತೆರೆದು ನೋಡುತ್ತೇನೆ. ಅದು ಹಳೆಯದು, ಅಕ್ಷರ ದೊಡ್ಡದು ಮಾಡಿಟ್ಟಿದ್ದಾರೆ. ಅಲ್ಲಿ ಬೆಲೆ ಕಾಣುವ ಮೊದಲೇ ಸಾಲು ಕತ್ತರಿಸಿದರೆ, ಎಡಿಟ್ ಒತ್ತಿ ಇನ್ನೊಂದು ಪದ ತೆಗೆಯುತ್ತೇನೆ.