ಕೆಳಮನೆಯಲ್ಲಿ ಜಲ ಎದ್ದರೆ: ಗುಂಡಿ, ಪಂಪು, ಪೈಪಿನ ಬಾಯಿ

ಬಯಲುಸೀಮೆಯಿಂದ ತೀರ್ಥಹಳ್ಳಿ ಕಡೆಗೆ ಬಂದು, ಧರೆ ಕಡಿದು ಕಟ್ಟಿದ ಮನೆ ಹಿಡಿದಿದ್ದೀರಾ? ಹಾಗಾದರೆ ಆರಿದ್ರಾ ಮಳೆ ಹಿಡಿದ ಮೇಲೆ ಕೆಳಗಿನ ಅಂತಸ್ತಿನ ನೆಲ ಒಮ್ಮೆ ನೋಡಿ. ಚಾವಣಿ ಸೋರದಿದ್ದರೂ ಗೋಡೆಯ ಬುಡದಲ್ಲಿ ನೀರು ಒಸರುತ್ತಿರುತ್ತದೆ. ಗುಡ್ಡ ಕುಡಿದ ನೀರು ಅದು. ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿದರೆ ಹಿಂದಿನ ನೀರು ಅದನ್ನೇ ತಳ್ಳಿ ಉದುರಿಸುತ್ತದೆ, ಸುಮ್ನೆ ದುಡ್ಡು ದಂಡ.

ಇಲ್ಲಿಯವರು ನೆಲದ ತಗ್ಗಿನ ಮೂಲೆಯಲ್ಲಿ ಗುಂಡಿ ತೆಗೆದು ಸಣ್ಣ ಪಂಪು ಇಳಿಸುತ್ತಾರೆ. ನಮ್ಮದು ಒಂದೂವರೆ ಅಡಿ ಅಗಲದ ದುಂಡು ಗುಂಡಿ, ಎರಡೂವರೆ ಅಡಿ ಆಳ, ಅರ್ಧ ಎಚ್‌ಪಿ ಪಂಪು. ನೀರು ಏರಿದಾಗ ವೈರಿಗೆ ಕಟ್ಟಿದ ಫ್ಲೋಟ್ ಸ್ವಿಚ್ ತೇಲಿ ಪಂಪು ಹಚ್ಚುತ್ತದೆ, ಒಂದು ಅಡಿ ಇಳಿದ ಮೇಲೆ ಆರಿಸುತ್ತದೆ. ಅಂದರೆ ಒಂದು ಸಲಕ್ಕೆ ಸುಮಾರು ಐವತ್ತು ಲೀಟರ್.

ಹೋದ ಮಳೆಗಾಲ ಈ ಪಂಪು ನಾಲ್ಕು ನಿಮಿಷಕ್ಕೊಮ್ಮೆ ಗುರ್ ಅನ್ನುತ್ತಿತ್ತು, ರಾತ್ರಿಯಿಡೀ. ಪಂಪು ಸಣ್ಣದಾಯ್ತು, ದೊಡ್ಡದು ಹಾಕಿಸಿ ಅಂದರು ಪ್ಲಂಬರ್. ಹೊರಗೆ ಹೋಗಿ ನೋಡಿದರೆ ಪೈಪಿನ ಬಾಯಿ ಮನೆಯ ಹಿಂದೆ, ಗೋಡೆಗೆ ಎರಡೇ ಅಡಿ ದೂರದಲ್ಲಿ! ನಾವು ಎತ್ತಿದ ನೀರೇ ಜಂಬಿಟ್ಟಿಗೆ ಮಣ್ಣಿನಲ್ಲಿ ಇಂಗಿ ಮತ್ತೆ ಗುಂಡಿಗೆ ಬರುತ್ತಿತ್ತು. ಪೈಪಿನ ಬಾಯಿಗೆ ತೋಟದ ಹೋಸ್ ಸಿಕ್ಕಿಸಿ ಇಪ್ಪತ್ತು ಅಡಿ ಆಚೆ, ಮನೆಯ ಕೆಳಗಿನ ಇಳಿಜಾರಿಗೆ ಬಿಟ್ಟೆ. ಮಳೆ ಅಷ್ಟೇ ಇತ್ತು, ಆದರೆ ಸಂಜೆ ಹೊತ್ತಿಗೆ ಪಂಪು ಹನ್ನೊಂದು ನಿಮಿಷಕ್ಕೊಮ್ಮೆ ಹತ್ತತೊಡಗಿತು. ಹೊಸ ಪಂಪಿನ ಮೊದಲು ಈ ಪರೀಕ್ಷೆ ಮಾಡಿ, ಗಡಿಯಾರ ಒಂದಿದ್ದರೆ ಸಾಕು. ಆಮೇಲೆ ಖಾಯಂ ಪೈಪು ಹಾಕಿಸುವಾಗ ಬಾಯಿ ಅಡಿಪಾಯಕ್ಕಿಂತ ತಗ್ಗಿನಲ್ಲಿರಲಿ. ಪಕ್ಕದವರ ಅಂಗಳಕ್ಕೆ ಮಾತ್ರ ಬಿಡಬೇಡಿ, ಮಳೆಗಾಲದ ಜಗಳ ಬೇಸಿಗೆಗೂ ಆರುವುದಿಲ್ಲ. ಸೆಪ್ಟಿಕ್ ಗುಂಡಿಗೂ ಬೇಡ, ಅದು ತುಂಬಿ ಉಕ್ಕುತ್ತದೆ.

ಪಂಪು ನಿಂತ ಕೂಡಲೇ ಗುಂಡಿಯಲ್ಲಿ ದಡದಡ ಸದ್ದಾಗಿ ನೀರು ಏರಿದರೆ ಪೈಪಿನ ನೀರು ವಾಪಸ್ ಬೀಳುತ್ತಿದೆ ಎಂದರ್ಥ. ಒಂದೂಕಾಲು ಇಂಚಿನ ಹತ್ತು ಮೀಟರ್ ಪೈಪಿನಲ್ಲಿ ಎಂಟು ಲೀಟರ್ ಇರುತ್ತದೆ. ಪಂಪಿನ ಮೇಲೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಮುಗಿಯಿತು.

ಫ್ಲೋಟ್ ಸ್ವಿಚ್‌ನದ್ದು ಬೇರೆ ಕಾಟ. ಗುಂಡಿ ಇಕ್ಕಟ್ಟಾಗಿದ್ದರೆ ಅದು ಗೋಡೆಗೋ ಪೈಪಿಗೋ ಸಿಕ್ಕಿಕೊಳ್ಳುತ್ತದೆ. ಕೆಳಗೆ ಸಿಕ್ಕಿದರೆ ಪಂಪು ಹತ್ತುವುದಿಲ್ಲ, ಬೆಳಗ್ಗೆ ಅಕ್ಕಿ ಮೂಟೆ ನೆನೆದಿರುತ್ತದೆ. ಮೇಲೆ ಸಿಕ್ಕಿದರೆ ನೀರಿಲ್ಲದೆ ಓಡಿ ಮೋಟಾರು ಸುಡುತ್ತದೆ. ವೈರಿನ ಸಡಿಲು ಕಡಿಮೆ ಮಾಡಿ ಕಟ್ಟಿ, ಎರಡು ಬಕೆಟ್ ನೀರು ಸುರಿದು ಹತ್ತಿ ಆರುವವರೆಗೂ ಅಲ್ಲೇ ನಿಂತು ನೋಡಿ. ಗುಂಡಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿರಲೇಬೇಕು, ಒದ್ದೆ ನೆಲದಲ್ಲಿ ನಿಂತಿರುತ್ತೀರಿ ಅಲ್ವಾ.