ಯಾವ ಷೇರು ಓದಬೇಕು? ಮೊದಲು ಸೆಕ್ಟರ್ ಗೆರೆ ನೋಡಿ

2022ರ ಶುರುವಿನಲ್ಲಿ ತುಮಕೂರಿನ ನಮ್ಮ ಬೀದಿಯಲ್ಲಿ ಎರಡು ಮನೆಗೊಬ್ಬರು ಐಟಿ ಹುಡುಗರು. ಎಲ್ಲರೂ ಮನೆಯಿಂದಲೇ ಕೆಲಸ, ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ಸಂಬಳ ಜಾಸ್ತಿ. ಇದನ್ನೆಲ್ಲ ದಿನಾ ಕೇಳುತ್ತಿದ್ದ ನಾನು ಆ ವರ್ಷ ಭಾನುವಾರಗಳೆಲ್ಲ ಐಟಿ ಕಂಪನಿಗಳ ವಾರ್ಷಿಕ ವರದಿ ಓದುತ್ತಾ ಕಳೆದೆ. ಆ ವರ್ಷ ದೇಶದ ಐವತ್ತು ದೊಡ್ಡ ಕಂಪನಿಗಳ ಇಂಡೆಕ್ಸ್ ನಿಫ್ಟಿ ಸುಮಾರು 4% ಏರಿತು. ಬರೀ ಐಟಿ ಕಂಪನಿಗಳ ಇಂಡೆಕ್ಸ್ ನಿಫ್ಟಿ ಐಟಿ ಸುಮಾರು 26% ಬಿತ್ತು.

ವರದಿಗಳಲ್ಲಿ ತಪ್ಪಿರಲಿಲ್ಲ. ನಾನು ಓದಲು ಆರಿಸಿಕೊಂಡ ಜಾಗ ತಪ್ಪಿತ್ತು. ಮಾರುಕಟ್ಟೆಯ ದುಡ್ಡು ಐಟಿಯಿಂದ ಎದ್ದು ಸರ್ಕಾರಿ ಬ್ಯಾಂಕುಗಳ ಕಡೆ ಹೊರಟಿತ್ತು. ಹೀಗೆ ಒಂದು ಸೆಕ್ಟರಿನಿಂದ ಇನ್ನೊಂದಕ್ಕೆ ದುಡ್ಡು ಸರಿಯುವುದನ್ನೇ ಸೆಕ್ಟರ್ ರೊಟೇಶನ್ ಅನ್ನುತ್ತಾರೆ. ಇದನ್ನು ಚಾರ್ಟಿನಲ್ಲಿ ನೋಡುವುದು ಕಷ್ಟವಿಲ್ಲ, ಆದರೆ ಬರೀ ಸೆಕ್ಟರ್ ಇಂಡೆಕ್ಸ್ ನೋಡಿದರೆ ಕಾಣುವುದಿಲ್ಲ.

ತಿಪಟೂರು ಕಡೆ ತೋಟ ಇರುವವರನ್ನು ಕೇಳಿ. ಕಾಯಿ ಮಾರಬೇಕಾ, ಕೊಬ್ಬರಿ ಮಾಡಬೇಕಾ ಅಂತ ತೀರ್ಮಾನಿಸುವಾಗ ಕೊಬ್ಬರಿ ರೇಟು ಒಂದನ್ನೇ ನೋಡುವುದಿಲ್ಲ, ಕಾಯಿ ರೇಟಿನ ಪಕ್ಕ ಇಟ್ಟು ನೋಡುತ್ತಾರೆ. ನಾವು ಮಾಡಬೇಕಾದ್ದೂ ಅದೇ. ಸೆಕ್ಟರ್ ಇಂಡೆಕ್ಸನ್ನು ನಿಫ್ಟಿಯಿಂದ ಭಾಗಿಸಿ, ಬರುವ ಸಂಖ್ಯೆಯನ್ನು ವಾರ ವಾರ ಗೆರೆಯಾಗಿ ನೋಡಬೇಕು.

ಗೆರೆ ಹಾಕುವುದು

ಚಾರ್ಟ್ ತೋರಿಸುವ ಟ್ರೇಡಿಂಗ್‌ವ್ಯೂ ಸೈಟ್ ತೆರೆದು, ಸರ್ಕಾರಿ ಬ್ಯಾಂಕುಗಳ ಇಂಡೆಕ್ಸನ್ನು ನಿಫ್ಟಿಯಿಂದ ಭಾಗಿಸಲು ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
NSE:CNXPSUBANK/NSE:NIFTY
```

ಚಾರ್ಟನ್ನು ವಾರದ್ದಕ್ಕೆ ಬದಲಿಸಿ, ಕ್ಯಾಂಡಲ್ ಬೇಡ, ಬರೀ ಗೆರೆ ಸಾಕು. ಅದರ ಮೇಲೆ 40 ವಾರಗಳ ಸರಾಸರಿ ಹಾಕಿ. ಇದೇ ರೀತಿ `CNXIT`, `CNXAUTO`, `CNXPHARMA`, `CNXFMCG`, `CNXMETAL` ಒಂದೊಂದನ್ನೂ ನಿಫ್ಟಿಯಿಂದ ಭಾಗಿಸಿ ಉಳಿಸಿಕೊಳ್ಳಿ. ವಾರದ ಚಾರ್ಟ್ ಶುಕ್ರವಾರ ಸಂಜೆ ಮುಗಿಯುತ್ತದೆ, ಹಾಗಾಗಿ ಶನಿವಾರ ಅಥವಾ ಭಾನುವಾರ ಒಂದು ಸಲ ನೋಡಿದರೆ ಆಯಿತು. ದಿನಾ ನೋಡಿದರೆ ಗೆರೆ ಸುಮ್ನೆ ಅಲ್ಲಾಡುವುದೇ ಕಾಣುತ್ತದೆ.

ಬಲಗಡೆ ಕಾಣುವ ಸಂಖ್ಯೆಗೆ ತನ್ನದೇ ಅರ್ಥ ಏನೂ ಇಲ್ಲ. ಒಂದು ಸೆಕ್ಟರಿನ 2.2ನ್ನು ಇನ್ನೊಂದರ 0.2ಕ್ಕೆ ಹೋಲಿಸಬೇಡಿ. ಗೆರೆ ಯಾವ ಕಡೆ ಬಾಗಿದೆ ಅನ್ನುವುದಷ್ಟೇ ಮುಖ್ಯ.

2022ರ ಲೆಕ್ಕ

2021ರ ಕೊನೆಗೆ ನಿಫ್ಟಿ ಸುಮಾರು 17,350, ನಿಫ್ಟಿ ಐಟಿ 38,700. ಭಾಗಿಸಿದರೆ 2.23. ಒಂದು ವರ್ಷದ ನಂತರ ನಿಫ್ಟಿ 18,100, ಐಟಿ 28,600, ಅಂದರೆ 1.58. ಅದೇ ಅವಧಿಯಲ್ಲಿ ಸರ್ಕಾರಿ ಬ್ಯಾಂಕುಗಳ ಇಂಡೆಕ್ಸ್ ಸುಮಾರು 2,500ರಿಂದ 4,300ಕ್ಕೆ ಹೋಯಿತು, ಅನುಪಾತ 0.14ರಿಂದ 0.24ಕ್ಕೆ.

ಹೀಗೆ ಹೇಳಿದರೆ ಎಲ್ಲ ನೇರವಾಗಿ ನಡೆದಂತೆ ಕಾಣುತ್ತದೆ, ಅಲ್ವಾ? ಹಾಗಿರಲಿಲ್ಲ. ಬ್ಯಾಂಕುಗಳ ಗೆರೆ ಮೊದಲ ಆರು ತಿಂಗಳು ಮೇಲೆ ಕೆಳಗೆ ಆಡಿತು, ಜೂನ್‌ನಲ್ಲಿ ಇಡೀ ಮಾರುಕಟ್ಟೆ ಕುಸಿದಾಗ ಅವೂ ಬಿದ್ದವು, ಏರಿಕೆಯ ಬಹುಪಾಲು ಬಂದಿದ್ದು ಜುಲೈ ಆದಮೇಲೆ. ಅದಕ್ಕೇ ನಾನು ಗೆರೆ ಸರಾಸರಿ ದಾಟಿದ ವಾರವೇ ಏನೂ ಬರೆದುಕೊಳ್ಳುವುದಿಲ್ಲ. ನಾಲ್ಕು ವಾರ ಮೇಲೇ ನಿಲ್ಲಬೇಕು, ಸರಾಸರಿಯೂ ಮೇಲಕ್ಕೆ ಬಾಗಲು ಶುರುವಾಗಿರಬೇಕು. ಸರಾಸರಿ ಚಪ್ಪಟೆಯಾಗಿ ಮಲಗಿದ್ದರೆ ಗೆರೆ ಅದನ್ನು ಹತ್ತು ಸಲ ದಾಟುತ್ತದೆ, ಹತ್ತು ಸಲವೂ ಮೋಸವೇ. ಹೀಗೆ ಕಾದರೆ ಮೊದಲ ಒಂದಷ್ಟು ಏರಿಕೆ ತಪ್ಪಿಹೋಗುತ್ತದೆ, ನಿಜ. ಆದರೆ ಇಲ್ಲಿ ನಾವು ಕೊಳ್ಳುತ್ತಿಲ್ಲ, ಓದಬೇಕಾದ ಪಟ್ಟಿ ಮಾಡುತ್ತಿದ್ದೇವೆ. ನಾಲ್ಕು ವಾರ ತಡವಾದರೆ ನಷ್ಟವೇನಿಲ್ಲ.

ಏರುವ ಗೆರೆಯೆಲ್ಲ ಏರಿಕೆಯಲ್ಲ

ಜಾಸ್ತಿ ಜನ ಎಡವುವುದು ಇಲ್ಲೇ. ನಿಫ್ಟಿ 10% ಬಿದ್ದು, ಒಂದು ಸೆಕ್ಟರ್ 4% ಮಾತ್ರ ಬಿದ್ದರೆ ಅನುಪಾತ ಏರುತ್ತದೆ. 96ನ್ನು 90ರಿಂದ ಭಾಗಿಸಿ ನೋಡಿ, 1.07 ಬರುತ್ತದೆ. ಗೆರೆ ಚೆಂದವಾಗಿ ಮೇಲೆ ಹೋಗುತ್ತಿದೆ, ಆದರೆ ಆ ಷೇರು ಇಟ್ಟುಕೊಂಡವರ ಕೈಯಲ್ಲಿ ದುಡ್ಡು ಕಮ್ಮಿಯಾಗಿದೆ. ಸೋಪು, ಬಿಸ್ಕತ್ತು ಮಾಡುವ ಎಫ್‌ಎಂಸಿಜಿ ಕಂಪನಿಗಳು, ಔಷಧಿ ಕಂಪನಿಗಳು ಮಾರುಕಟ್ಟೆ ಬೀಳುವಾಗ ಹೀಗೆ ಕಾಣುವುದು ಮಾಮೂಲು. ಜನ ಹೆದರಿ ಅಲ್ಲಿ ಹೋಗಿ ಕೂತಿರುತ್ತಾರೆ, ಭಯ ಹೋದಮೇಲೆ ಎದ್ದು ಬರುತ್ತಾರೆ.

ಪರೀಕ್ಷೆ ಸುಲಭ. ಅನುಪಾತದ ಚಾರ್ಟಿನ ಕೆಳಗೆ ಅದೇ ಸೆಕ್ಟರಿನ ಇಂಡೆಕ್ಸ್ ಚಾರ್ಟನ್ನೂ ಇಡಿ. ಅದೂ ತನ್ನ 40 ವಾರಗಳ ಸರಾಸರಿಯ ಮೇಲಿದೆಯಾ? ಎರಡೂ ಮೇಲಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಕಾರಣ ಸಿಗುತ್ತಾ?

ಒಂದೆರಡು ವಾಕ್ಯದಲ್ಲಿ ಕಾರಣ ಬರೆಯಲು ಆಗದಿದ್ದರೆ ನಾನು ಆ ಸೆಕ್ಟರನ್ನು ಬಿಡುತ್ತೇನೆ. 2022ರಲ್ಲಿ ಕಾರಣ ಇತ್ತು. ಅಮೆರಿಕದ ಫೆಡರಲ್ ರಿಸರ್ವ್ ಮಾರ್ಚ್‌ನಿಂದ ಬಡ್ಡಿ ಏರಿಸಿತು, ಅಲ್ಲಿನ ಗ್ರಾಹಕರನ್ನೇ ನಂಬಿದ ಐಟಿ ಷೇರುಗಳಿಗೆ ಪೆಟ್ಟು ಬಿತ್ತು. ಇಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೋ ದರವನ್ನು ಮೇ ತಿಂಗಳಿಂದ ಡಿಸೆಂಬರ್ ಒಳಗೆ 4%ರಿಂದ 6.25%ಕ್ಕೆ ಏರಿಸಿತು. ಮನೆ ಸಾಲದಂಥ ಸಾಲಗಳ ಬಡ್ಡಿ ರೆಪೋ ಜೊತೆಗೇ ಏರುತ್ತದೆ, ನಮ್ಮ ಎಫ್‌ಡಿ ಬಡ್ಡಿ ಮಾತ್ರ ನಿಧಾನವಾಗಿ ಏರುತ್ತದೆ. ಆ ನಡುವಿನ ಅಂತರ ಬ್ಯಾಂಕಿನ ಲಾಭ. ಹಳೆಯ ಕೆಟ್ಟ ಸಾಲಗಳೂ ಅಷ್ಟರಲ್ಲಿ ಇಳಿಯುತ್ತಿದ್ದವು. ಕಾರಣ ಗೊತ್ತಿದ್ದರೆ ಅದು ಯಾವಾಗ ಮುಗಿಯುತ್ತದೆ ಅನ್ನುವುದೂ ಗೊತ್ತಾಗುತ್ತದೆ: ಎಫ್‌ಡಿ ಬಡ್ಡಿ ಏರಿ ಸಾಲದ ಬಡ್ಡಿಯ ಹತ್ತಿರ ಬಂದಾಗ.

ಸೆಕ್ಟರ್ ಒಳಗೆ ಯಾರು?

ಪಕ್ಕದ ಮನೆ ಹುಡುಗ ಒಂದು ದಿನ ಕೇಳಿದ, "ಅಂಕಲ್, ಸರ್ಕಾರಿ ಬ್ಯಾಂಕ್ ಅಂದರೆ ಎಸ್‌ಬಿಐ ತಗೊಂಡರೆ ಆಯ್ತಲ್ವಾ?" ಎಲ್ಲರಿಗೂ ಮೊದಲು ಬರುವ ಯೋಚನೆ ಅದೇ. 2022ರಲ್ಲಿ ಎಸ್‌ಬಿಐ ಷೇರು ಸುಮಾರು 460ರಿಂದ 613ಕ್ಕೆ ಹೋಯಿತು, ಅಂದರೆ 33%. ಇಂಡೆಕ್ಸ್ ಏರಿದ್ದು ಸುಮಾರು 70%. ಬ್ಯಾಂಕ್ ಆಫ್ ಬರೋಡಾ 82ರಿಂದ 185ಕ್ಕೆ ಹೋಗಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಹೆಚ್ಚುಕಮ್ಮಿ ಇಂಡೆಕ್ಸ್ ಜೊತೆಗೇ ನಡೆಯಿತು.

ಇದನ್ನೂ ಭಾಗಿಸಿಯೇ ನೋಡಬಹುದು. ಈ ಸಲ ಮೇಲೆ ಷೇರು, ಕೆಳಗೆ ಸೆಕ್ಟರ್:

```
NSE:CANBK/NSE:CNXPSUBANK
```

ಇನ್ನೊಂದು ವಿಷಯ ಎಣಿಸಿ. ಸೆಕ್ಟರಿನಲ್ಲಿರುವ ಷೇರುಗಳಲ್ಲಿ ಎಷ್ಟು ತಮ್ಮ 40 ವಾರಗಳ ಸರಾಸರಿಯ ಮೇಲಿವೆ? ಹತ್ತರಲ್ಲಿ ಏಳೆಂಟು ಇದ್ದರೆ ಇಡೀ ಸೆಕ್ಟರ್ ಎದ್ದಿದೆ. ಎರಡೋ ಮೂರೋ ಇದ್ದರೆ ದೊಡ್ಡ ಷೇರೊಂದು ಇಂಡೆಕ್ಸನ್ನು ಎಳೆದುಕೊಂಡು ಹೋಗುತ್ತಿದೆ ಅಷ್ಟೇ. ನಿಫ್ಟಿ ಐಟಿಯಲ್ಲಿ ಇನ್ಫೋಸಿಸ್, ಟಿಸಿಎಸ್ ಎರಡರದ್ದೇ ಅರ್ಧದಷ್ಟು ತೂಕ, ಅಲ್ಲಿ ಈ ಎಣಿಕೆ ಬಿಟ್ಟರೆ ಮೋಸ ಹೋಗುತ್ತೀರಿ.

ಹೀಗೆ ಸೋಸಿದಮೇಲೆ ಮೂರು ಹೆಸರು ಉಳಿದರೆ ಸಾಕು. ಈಗ ವರದಿ ತೆರೆಯಿರಿ. ಬ್ಯಾಂಕಾದರೆ ನಾನು ಮೊದಲು ಎಂಟು ತ್ರೈಮಾಸಿಕಗಳ ನಿವ್ವಳ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಲೆಕ್ಕ ಬರೆದುಕೊಳ್ಳುತ್ತೇನೆ, ಆಮೇಲೆ ಬಡ್ಡಿಯ ಅಂತರ, ಅದಾದಮೇಲೆ ಹೊಸ ಷೇರು ಹಂಚಿ ಬಂಡವಾಳ ಎತ್ತಿದ್ದಾರಾ ಅನ್ನುವುದು. ಸರ್ಕಾರಿ ಬ್ಯಾಂಕುಗಳಲ್ಲಿ ಲಾಭ ಏರಿದರೂ ಷೇರಿಗೆ ಸಿಗುವ ಪಾಲು ಏರದೆ ಇರುವುದಕ್ಕೆ ಹಲವು ಸಲ ಇದೇ ಕಾರಣ. ಮೂರರಲ್ಲಿ ಮೂರೂ ಇಷ್ಟವಾಗದಿದ್ದರೆ ಬಿಟ್ಟುಬಿಡಿ, ಗೆರೆ ಎಷ್ಟೇ ಚೆನ್ನಾಗಿರಲಿ.

ಪಟ್ಟಿಯಿಂದ ತೆಗೆಯುವ ನಿಯಮವನ್ನೂ ಪಟ್ಟಿ ಬರೆಯುವ ನೋಟ್‌ಬುಕ್ಕಿನಲ್ಲೇ, ಸೆಕ್ಟರ್ ಸೇರಿಸಿದ ದಿನವೇ ಬರೆದಿರುತ್ತೇನೆ. ಅನುಪಾತದ ಗೆರೆ ನಾಲ್ಕು ವಾರ ಸರಾಸರಿಯ ಕೆಳಗೆ ನಿಂತರೆ ಆ ಸೆಕ್ಟರಿನಲ್ಲಿ ಹೊಸ ಕಂಪನಿ ಓದುವುದಿಲ್ಲ. ಆಗಲೇ ಕೊಂಡ ಷೇರು ಇದ್ದರೆ ಅದನ್ನು ಇಟ್ಟುಕೊಳ್ಳಬೇಕಾ ಅನ್ನುವುದನ್ನು ಅದರದೇ ವರದಿ ನೋಡಿ ತೀರ್ಮಾನಿಸುತ್ತೇನೆ, ಚಾರ್ಟ್ ನೋಡಿ ಅಲ್ಲ.