ಹಳೆಯ ಗಡಿಯಾರದ ಅಕ್ರಿಲಿಕ್ ಗಾಜಿನ ಗೀರು: ಉಜ್ಜುವುದು ಯಾವಾಗ, ಬದಲಿಸುವುದು ಯಾವಾಗ

ಹಳೆಯ ಕೈಗಡಿಯಾರದ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್, ಗಾಜಿನ ಮೇಲೆ ಸಣ್ಣ ಗೀರುಗಳಿದ್ದರೆ, ಸುತ್ತಲಿನ ಲೋಹದ ಅಂಚಿಗೆ ಟೇಪ್ ಅಂಟಿಸಿ, ಪ್ಲಾಸ್ಟಿಕ್‌ಗೆಂದೇ ತಯಾರಿಸಿದ ಪಾಲಿಶ್ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಾಕಿ, ಮೆತ್ತನೆಯ ಹತ್ತಿಬಟ್ಟೆಯಿಂದ ಗೀರಿಗೆ ಅಡ್ಡವಾಗಿ ಎರಡು ಮೂರು ನಿಮಿಷ ಉಜ್ಜಿ ಒರೆಸಿರಿ. ಪೇಸ್ಟ್ ಗೀರನ್ನು ತುಂಬುವುದಿಲ್ಲ; ಅದರ ಅತಿ ಸಣ್ಣ ಕಣಗಳು ಮೃದುವಾದ ಅಕ್ರಿಲಿಕ್ಕನ್ನು ಗೀರಿನ ತಳದವರೆಗೆ ಸವೆಸುವುದರಿಂದ ಮೇಲ್ಮೈ ಮತ್ತೆ ಸಮವಾಗುತ್ತದೆ. ಟೇಪ್ ಮರೆಯಬೇಡಿ, ಅದೇ ಕಣಗಳು ಚಿನ್ನದ ಲೇಪವನ್ನೂ ಸವೆಸುತ್ತವೆ. ಖನಿಜ ಗಾಜು, ಅಂದರೆ ನಿಜವಾದ ಗಟ್ಟಿ ಗಾಜಿನ ಮೇಲೆ ಈ ಪೇಸ್ಟ್ ಕೆಲಸ ಮಾಡದು. ಉಗುರನ್ನು ಅಡ್ಡಲಾಗಿ ಎಳೆದಾಗ ಅದು ಗೀರಿಗೆ ಸಿಕ್ಕಿಕೊಂಡರೆ ಪೇಸ್ಟ್ ಒಂದರಿಂದಲೇ ಆಗುವುದಿಲ್ಲ. ಮೊದಲು 2000 ಸಂಖ್ಯೆಯ ಮರಳುಕಾಗದವನ್ನು ಒದ್ದೆ ಮಾಡಿ ಉಜ್ಜಿ, ಆಮೇಲೆ ಪೇಸ್ಟ್ ಹಚ್ಚಬೇಕು, ಮತ್ತು ಪ್ರತಿ ಸಲವೂ ಗಾಜು ತುಸು ತೆಳುವಾಗುತ್ತದೆಂಬುದು ನೆನಪಿರಲಿ. ಗಡಿಯಾರವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದಾಗ ಗಾಜಿನ ಒಳಗೇ ಬೆಳ್ಳಿಯೆಳೆಯಂತೆ ಮಿನುಗುವ ಗೆರೆ, ಅದರಲ್ಲೂ ಅಂಚಿನಿಂದ ಹೊರಟದ್ದು ಕಂಡರೆ, ಅದು ಗೀರಲ್ಲ, ಬಿರುಕು. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಅದರ ಮೂಲಕ ತೇವ ಒಳಗಿಳಿದು ಡಯಲ್ ಕಲೆಗಟ್ಟಬಹುದು. ಇಂಥಲ್ಲಿ, ಹಾಗೆಯೇ ಗಾಜು ಒಳಗಿನಿಂದ ಹಳದಿಯಾಗಿದ್ದರೆ ಅಥವಾ ಅಂಚಿನಲ್ಲಿ ಸಡಿಲವಾಗಿದ್ದರೆ, ಬದಲಿಸುವುದೇ ಜಾಣತನ. ಡಯಲ್‌ಗೆ ಹೋಲಿಸಿದರೆ ಹೊಸ ಅಕ್ರಿಲಿಕ್ ಗಾಜು ಸುಲಭವಾಗಿ ಸಿಗುವ ಬಿಡಿಭಾಗ. ಒರೆಸಲು ಸ್ಪಿರಿಟ್ ಅಥವಾ ಉಗುರುಬಣ್ಣ ತೆಗೆಯುವ ದ್ರವವನ್ನು ಮಾತ್ರ ಬಳಸಬೇಡಿ, ಅವುಗಳಿಂದ ಅಕ್ರಿಲಿಕ್ ಮಂಕಾಗಿ ಕೂದಲೆಳೆಯಂಥ ಬಿರುಕುಗಳು ಮೂಡಬಹುದು.